ಇಳಕಲ್ ಸೀರೆಯ ಸ್ಟೋರಿ ಮರುದಿನವೂ ಸಿಗಬೇಕೆಂದರೆ: ಹೈಲೈಟ್ ಕಟ್ಟುವ ನನ್ನ ಕ್ರಮ

ಕೈಮಗ್ಗದ ಇಳಕಲ್ ಸೀರೆ ಮಾರುವ ಇನ್‌ಸ್ಟಾಗ್ರಾಂ ಖಾತೆಯ ಕೆಲಸ ನನ್ನದು. ಸೀರೆ ಕೊಳ್ಳುವವರು ಸ್ಟೋರಿ ನೋಡಿದ ದಿನವೇ ಕೊಳ್ಳುವುದಿಲ್ಲ. ಮನೆಯಲ್ಲಿ ಕೇಳಿ, ಸಂಬಳ ಬಂದ ಮೇಲೆ, ಹತ್ತು ದಿನ ಬಿಟ್ಟು ಮತ್ತೆ ಹುಡುಕಿಕೊಂಡು ಬರುತ್ತಾರೆ. ಸ್ಟೋರಿಯ ಆಯುಷ್ಯ 24 ಗಂಟೆ. ಆಮೇಲೂ ಅದು ಪ್ರೊಫೈಲ್‌ನಲ್ಲಿ ಸಿಗಬೇಕಾದರೆ ಹೈಲೈಟ್‌ಗೆ ಸೇರಿಸಬೇಕು. ಪ್ರೊಫೈಲ್ ಪರಿಚಯದ ಕೆಳಗೆ ಸಾಲಾಗಿ ಕಾಣುವ ದುಂಡನೆಯ ಚಿತ್ರಗಳೇ ಹೈಲೈಟ್. 2017ರ ಡಿಸೆಂಬರ್‌ನಲ್ಲಿ ಇದು ಆರ್ಕೈವ್ ಜೊತೆಗೇ ಬಂತು. ಜೊತೆಗೇ ಬಂದದ್ದಕ್ಕೆ ಕಾರಣವಿದೆ: ಅವಧಿ ಮುಗಿದ ಸ್ಟೋರಿ ಹೋಗಿ ಕೂರುವ ಉಗ್ರಾಣ ಆರ್ಕೈವ್; ಅದರಿಂದ ಆರಿಸಿ ಮುಂದಿಡುವ ಗಾಜಿನ ಕಪಾಟು ಹೈಲೈಟ್. ಉಗ್ರಾಣದಲ್ಲಿ ಇಲ್ಲದ್ದನ್ನು ಕಪಾಟಿನಲ್ಲಿ ಇಡಲಾಗದು.

ಅದಕ್ಕೇ ಮೊದಲು ನೋಡುವುದು ಸೆಟ್ಟಿಂಗ್‌ನ Archiving and downloading ಒಳಗಿರುವ Save story to archive. ಇದು ಆನ್ ಇರಬೇಕು. ಸಾಮಾನ್ಯವಾಗಿ ಮೊದಲಿನಿಂದಲೇ ಆನ್ ಇರುತ್ತದೆ, ಆದರೆ ಒಂದೇ ಖಾತೆಯನ್ನು ಇಬ್ಬರು ಮೂವರು ನಡೆಸುವಾಗ ಯಾರೋ ಆಫ್ ಮಾಡಿಬಿಟ್ಟಿರಬಹುದು. ಆಫ್ ಇದ್ದಾಗ ಹಾಕಿದ ಸ್ಟೋರಿ ಒಂದು ದಿನ ಕಳೆದ ಮೇಲೆ ಹೈಲೈಟ್‌ಗೆ ಸೇರಿಸಲು ಸಿಗುವುದಿಲ್ಲ. ಆಮೇಲೆ ಆನ್ ಮಾಡಿದರೂ ಹೋದದ್ದು ಬರುವುದಿಲ್ಲ.

ಸೇರಿಸುವ ದಾರಿ ಎರಡು. ಸ್ಟೋರಿ ಇನ್ನೂ ಓಡುತ್ತಿದ್ದರೆ ಅದನ್ನು ತೆರೆದು ಕೆಳಗಿನ Highlight ಒತ್ತಿ, ಹಳೆಯ ವೃತ್ತವನ್ನು ಆರಿಸುವುದು ಅಥವಾ ಹೊಸದಕ್ಕೆ ಹೆಸರು ಕೊಡುವುದು. ಅವಧಿ ಮುಗಿದಿದ್ದರೆ ಪ್ರೊಫೈಲ್‌ನ ವೃತ್ತಗಳ ಸಾಲಿನಲ್ಲಿರುವ New ಒತ್ತಿ ಆರ್ಕೈವ್‌ನಿಂದ ಆರಿಸುವುದು. ಒಂದು ಹೈಲೈಟ್‌ನಲ್ಲಿ 100 ಸ್ಟೋರಿಯವರೆಗೆ ಇಡಬಹುದು. ನಾನು ಎಂಟು ದಾಟಿಸುವುದಿಲ್ಲ. ಎಂಟರ ಮೇಲೆ ಜನ ಬೆರಳು ಜೋರಾಗಿ ತಟ್ಟುತ್ತ ಹೋಗುತ್ತಾರೆ, ಬೇಕಾದ್ದನ್ನೇ ದಾಟಿಬಿಡುತ್ತಾರೆ. ಹೆಸರೂ ಚಿಕ್ಕದಿರಲಿ: "ಸೆರಗು", "ಬೆಲೆ", "ಒಗೆಯೋದು". ವೃತ್ತದ ಕೆಳಗಿನ ಜಾಗ ಕಿರಿದು, ಉದ್ದ ಹೆಸರಿನ ಬಾಲ ಕತ್ತರಿಸಿಹೋಗುತ್ತದೆ.

ಹೆಚ್ಚಿನವರು ಎಡವುವುದು ಒಳಗಿನ ಅನುಕ್ರಮದಲ್ಲಿ. ಹೈಲೈಟ್ ಒಳಗಿನ ಸ್ಟೋರಿಗಳು ನೀವು ಸೇರಿಸಿದ ಕ್ರಮದಲ್ಲಿ ಬರುವುದಿಲ್ಲ. ಅವು ಮೂಲತಃ ಹಾಕಿದ ಸಮಯದ ಕ್ರಮದಲ್ಲಿ, ಹಳೆಯದು ಮೊದಲು ಎಂಬಂತೆ ಓಡುತ್ತವೆ. ನಮ್ಮ ಒಂದು ಹೈಲೈಟ್ ಹೀಗಿತ್ತು: ಟೋಪಿ ತೆನೆ ಸೆರಗಿನ ಪೂರ್ತಿ ಚಿತ್ರ, ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿದ ಜಾಗದ ಹತ್ತಿರದ ಚಿತ್ರ, ಅಂಚು, ಉದ್ದಳತೆ, ಬೆಲೆ, ಆರ್ಡರ್ ಮಾಡುವ ಬಗೆ, ಕೊರಿಯರ್. ಒಟ್ಟು ಏಳು. ರೇಷ್ಮೆ ನೂಲಿನ ದರ ಏರಿ ಸೀರೆಯ ಬೆಲೆ ಬದಲಾದಾಗ ಐದನೆಯದನ್ನು ತೆಗೆದು ಹೊಸ ಬೆಲೆಯ ಸ್ಟೋರಿ ಸೇರಿಸಿದರೆ, ಅದು ಐದನೆಯ ಜಾಗಕ್ಕೆ ಬರಲಿಲ್ಲ. ಇವತ್ತು ಹಾಕಿದ್ದಾದ್ದರಿಂದ ಕೊರಿಯರ್ ಆದಮೇಲೆ ಕೊನೆಯಲ್ಲಿ ಹೋಗಿ ಕೂತಿತು. ಅಲ್ಲಿಯವರೆಗೆ ನೋಡುವವರು ಕಡಿಮೆ. ಬೆಲೆ ಕೇಳುವ ಮೆಸೇಜ್ ಜಾಸ್ತಿಯಾದದ್ದೇ ಗುರುತು.

ಅನುಕ್ರಮ ಸರಿ ಮಾಡಬೇಕೆಂದರೆ ಬೆಲೆಯ ನಂತರದ್ದೆಲ್ಲವನ್ನೂ ಮತ್ತೆ ಸ್ಟೋರಿ ಹಾಕಬೇಕು. ಫಾಲೋವರ್‌ಗಳಿಗೆ ಅದು ಕಿರಿಕಿರಿ. ಅದಕ್ಕೆ ಬದಲಾಗುವ ಮಾಹಿತಿಯನ್ನೂ ಬದಲಾಗದ ಮಾಹಿತಿಯನ್ನೂ ಬೇರೆ ಮಾಡಿದೆ. ಸೆರಗು, ಕೊಂಡಿ, ಅಂಚು, ಅಳತೆ ಒಂದು ವೃತ್ತ. ಅದನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ. ಬೆಲೆ ಬೇರೆ ವೃತ್ತ, ಅದರಲ್ಲಿ ಇರುವುದು ಒಂದೇ ಸ್ಟೋರಿ. ಬೆಲೆ ಬದಲಾದಾಗ ಮೊದಲು ಹೊಸದನ್ನು ಸೇರಿಸಿ, ಆಮೇಲೆ ಹಳೆಯದನ್ನು ತೆಗೆಯುತ್ತೇನೆ. ಇದನ್ನು ಹಿಂದುಮುಂದು ಮಾಡಬಾರದು: ಇದ್ದ ಒಂದೇ ಸ್ಟೋರಿ ತೆಗೆದರೆ ಹೈಲೈಟೇ ಅಳಿಸಿಹೋಗುತ್ತದೆ, ಹೆಸರು ಮುಖಚಿತ್ರ ಎಲ್ಲ ಮತ್ತೆ ಮಾಡಬೇಕು. ಇನ್ನೊಂದು ಅನುಕೂಲವೂ ಇದೆ. ಹೊಸದಾಗಿ ಸ್ಟೋರಿ ಸೇರಿಸಿದ ವೃತ್ತ ಸಾಲಿನ ಮೊದಲಿಗೆ ಬರುತ್ತದೆ, ಹಾಗಾಗಿ ಬೆಲೆಯ ವೃತ್ತ ತಾನಾಗಿ ಮುಂದೆ ನಿಲ್ಲುತ್ತದೆ.

ತೆಗೆಯುವಾಗ ಶಬ್ದ ಓದಿ ಒತ್ತಿ. Remove from Highlight ಅಂದರೆ ಕಪಾಟಿನಿಂದ ಮಾತ್ರ ತೆಗೆದ ಹಾಗೆ, ಆರ್ಕೈವ್‌ನಲ್ಲಿ ಉಳಿಯುತ್ತದೆ. ಸ್ಟೋರಿಯನ್ನೇ Delete ಮಾಡಿದರೆ ಅದಿರುವ ಹೈಲೈಟ್‌ನಿಂದಲೂ ಹೋಗುತ್ತದೆ. ತಪ್ಪಾಗಿ ಅಳಿಸಿದ್ದನ್ನು Recently deleted ಒಳಗಿನಿಂದ ತರಬಹುದು. ಆರ್ಕೈವ್‌ನಲ್ಲಿದ್ದ ಸ್ಟೋರಿಗೆ 30 ದಿನ ಗಡುವು, ಆರ್ಕೈವ್ ಆಗದ್ದಕ್ಕೆ ಹೆಚ್ಚೆಂದರೆ 24 ಗಂಟೆ.

ಇನ್ನು ಯಾರಿಗೆ ತೆರೆಯುತ್ತದೆ ಎಂಬ ಮಾತು. ಖಾತೆ ಪಬ್ಲಿಕ್ ಇದ್ದರೆ, ಫಾಲೋ ಮಾಡದವರೂ ಪ್ರೊಫೈಲ್‌ಗೆ ಬಂದು ಹೈಲೈಟ್ ನೋಡಬಹುದು. ಖಾತೆ ಪ್ರೈವೇಟ್ ಇದ್ದರೆ ನೀವು ಒಪ್ಪಿಕೊಂಡ ಫಾಲೋವರ್‌ಗಳಿಗೆ ಮಾತ್ರ. ಇಲ್ಲಿ ಗಮನಿಸಬೇಕಾದ್ದು ಕಾಲ: ಸ್ಟೋರಿಯನ್ನು ಆ ದಿನದ ಜನ ನೋಡುತ್ತಾರೆ, ಹೈಲೈಟನ್ನು ಮುಂದೆಂದೋ ಬರುವವರೂ ನೋಡುತ್ತಾರೆ. ಪ್ರೈವೇಟ್ ಇದ್ದ ಖಾತೆಯನ್ನು ವ್ಯಾಪಾರಕ್ಕೆಂದು ಪಬ್ಲಿಕ್ ಮಾಡಿದ ದಿನ ಹಳೆಯ ಹೈಲೈಟ್‌ಗಳೂ ಎಲ್ಲರಿಗೂ ತೆರೆಯುತ್ತವೆ. ಮಕ್ಕಳ ಮುಖ, ಮನೆಯ ಬಾಗಿಲ ಸಂಖ್ಯೆ, ಕೊರಿಯರ್ ಚೀಟಿಯ ಮೇಲಿನ ಗಿರಾಕಿಯ ವಿಳಾಸ ಇರುವುದನ್ನೆಲ್ಲ ಅದಕ್ಕೂ ಮೊದಲೇ ತೆಗೆದಿಡಬೇಕು.

ಅಂಗಡಿಯವರಿಗೆ ಕೊಡುವ ಸಗಟು ದರ ಎಲ್ಲರಿಗೂ ಕಾಣಬಾರದು. ಅದಕ್ಕೆ Close Friends ಪಟ್ಟಿ ಬಳಸುತ್ತೇನೆ: ಅಂಗಡಿಯವರನ್ನಷ್ಟೇ ಪಟ್ಟಿಗೆ ಹಾಕಿ, ಸ್ಟೋರಿಯನ್ನು ಹಸಿರು ನಕ್ಷತ್ರದ ಆಯ್ಕೆಯಿಂದ ಹಂಚಿ, "ಸಗಟು" ಎಂಬ ಪ್ರತ್ಯೇಕ ಹೈಲೈಟ್‌ಗೆ ಸೇರಿಸುವುದು. ಹೈಲೈಟ್‌ಗೆ ಸೇರಿದ ಮೇಲೂ ಅದು ಪಟ್ಟಿಯವರಿಗಷ್ಟೇ ಕಾಣುತ್ತದೆ. ಬೇರೆ ಸ್ಟೋರಿಗಳನ್ನು ಇದರೊಳಗೆ ಬೆರೆಸುವುದಿಲ್ಲ, ಮುಖಚಿತ್ರಕ್ಕೂ ದರಪಟ್ಟಿ ಇಡದೆ ಸಾದಾ ಬಣ್ಣದ ಚಿತ್ರ ಇಡುತ್ತೇನೆ. ಮುಖಚಿತ್ರಕ್ಕೆ ಸ್ಟೋರಿಯೇ ಆಗಬೇಕೆಂದಿಲ್ಲ, Edit cover ಒಳಗೆ ಗ್ಯಾಲರಿಯಿಂದಲೇ ಆರಿಸಬಹುದು. ಅವಸರದಲ್ಲಿ ಹಸಿರು ನಕ್ಷತ್ರದ ಬದಲು Your story ಒತ್ತಿದರೆ ಸಗಟು ದರ ಊರಿಗೆಲ್ಲ ಗೊತ್ತಾಗುತ್ತದೆ. ಆಗ ಹಾಕಿದ್ದನ್ನು ತಕ್ಷಣ ಅಳಿಸಿ ಹೊಸದಾಗಿ ಹಾಕುವುದೇ ಸರಿ.

ಯಾರು ನೋಡಿದರು ಎಂಬ ಹೆಸರಿನ ಪಟ್ಟಿ ಸ್ಟೋರಿ ಹಾಕಿದ 48 ಗಂಟೆಯವರೆಗೆ ಮಾತ್ರ ಸಿಗುತ್ತದೆ. ಆಮೇಲೆ ಹೈಲೈಟ್ ತೆರೆದವರ ಹೆಸರು ನಮಗೆ ತಿಳಿಯುವುದಿಲ್ಲ. ಆದ್ದರಿಂದ ಬೆಲೆ ಏರಿದ್ದನ್ನು ಹೈಲೈಟ್‌ನಲ್ಲಿ ಹಾಕಿದ್ದೇವಲ್ಲ ಎಂದು ಅಂಗಡಿಯವರೊಂದಿಗೆ ವಾದಿಸಲು ಆಧಾರವಿರದು. ಮೆಸೇಜಿನಲ್ಲೂ ದರ ಬರೆದು ಕಳಿಸಿ, "ಸರಿ" ಎಂಬ ಉತ್ತರ ಪಡೆದೇ ಬಿಲ್ಲು ಮಾಡುತ್ತೇನೆ.

ನಮ್ಮ ಫೋನಿನಲ್ಲಿ ನಮ್ಮ ಹೈಲೈಟ್‌ಗಳು ಯಾವಾಗಲೂ ಪೂರ್ತಿ ಕಾಣುವುದರಿಂದ ಅದನ್ನು ನೋಡಿ ಪ್ರಯೋಜನವಿಲ್ಲ. ಏನೇ ಬದಲಿಸಿದರೂ ಎರಡು ಬೇರೆ ಖಾತೆಗಳಿಂದ ನೋಡುತ್ತೇನೆ: ಒಂದು ಫಾಲೋ ಮಾಡದ್ದು, ಇನ್ನೊಂದು ಪಟ್ಟಿಯಲ್ಲಿರುವುದು. ಮೊದಲನೆಯದರಲ್ಲಿ "ಸಗಟು" ವೃತ್ತ ಕಾಣದೆ, ಎರಡನೆಯದರಲ್ಲಿ ಕಂಡರೆ ಕೆಲಸ ಸರಿಯಾಗಿದೆ.