ಮೊದಲ ಸಲ ಕೆಲಸಕ್ಕೆ ಜನ ತೆಗೆದುಕೊಳ್ಳುವುದು ಹೇಗೆ: ನಾಲ್ಕು ಪ್ರಶ್ನೆ, ಒಂದು ಹಾಳೆ

ಸಣ್ಣ ವ್ಯಾಪಾರಗಳ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಮನೆಯವರೇ ಸೇರಿ ನಡೆಸುವ ಅಂಗಡಿಗೆ ಮೊದಲ ಸಲ ಹೊರಗಿನವರು ಬರುವಾಗ ಏನಾಗುತ್ತದೆ ಅಂತ ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಬಂದವರನ್ನು ಕೂರಿಸಿ "ನಿಮ್ಮ ಬಗ್ಗೆ ಹೇಳಿ" ಎನ್ನುತ್ತಾರೆ. ಐದು ನಿಮಿಷದಲ್ಲಿ ಮನಸ್ಸಿಗೆ ಹಿಡಿಸಿದರೆ ಮುಗಿಯಿತು, ಉಳಿದ ಅರ್ಧ ಗಂಟೆ ಮಾಲೀಕರೇ ಮಾತಾಡುತ್ತಾರೆ. ಮೂರು ತಿಂಗಳಾದ ಮೇಲೆ ನನ್ನ ಹತ್ತಿರ ಬಂದು, "ಹುಡುಗ ಒಳ್ಳೆಯವನೇ, ಆದರೆ ಕೆಲಸ ಸಾಗ್ತಿಲ್ಲ" ಎನ್ನುತ್ತಾರೆ. ಮನೆಯವರೇ ಮೂರು ಜನ ಇರುವ ಕಡೆ ನಾಲ್ಕನೆಯವರನ್ನು ಕಳಿಸುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ.

ಇದಕ್ಕೆ ದೊಡ್ಡ ಕಂಪನಿಯ ವ್ಯವಸ್ಥೆಯೇನೂ ಬೇಡ. ಎಲ್ಲರಿಗೂ ಒಂದೇ ಪ್ರಶ್ನೆಗಳು, ಒಂದೇ ಕ್ರಮದಲ್ಲಿ, ಮೊದಲೇ ಬರೆದಿಟ್ಟ ಅಳತೆಗೋಲಿನ ಮೇಲೆ ಅಂಕ. ಇಷ್ಟೇ. ನಾನು ಜೊತೆಗೆ ಕೂತು ಮಾಡಿಸಿದ ಒಂದು ಮನೆಯ ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಕಿಟಕಿ, ಬಾಗಿಲಿಗೆ ಪರದೆ ಹೊಲಿದು ಕೊಡುವ ಅಂಗಡಿ. ಗಂಡ ಬಟ್ಟೆ ಕತ್ತರಿಸುತ್ತಾರೆ, ಹೆಂಡತಿ ಹೊಲಿಯುತ್ತಾರೆ, ಮಾವನವರು ಗಲ್ಲಾ ನೋಡುತ್ತಾರೆ. ಆರ್ಡರ್ ತೆಗೆದುಕೊಳ್ಳಲು, ಅಳತೆ ಬರೆದುಕೊಳ್ಳಲು, ಗಿರಾಕಿಗೆ ದಿನ ಹೇಳಲು ಒಬ್ಬರು ಬೇಕಿತ್ತು.

ಮೊದಲು ಎಡವಿದ್ದನ್ನು ಬರೆಯಿರಿ

ಎರಡು ವಾರ ಒಂದು ಪುಸ್ತಕ ಇಟ್ಟುಕೊಂಡು, ಆ ಕೆಲಸದಲ್ಲಿ ಎಲ್ಲಿ ಎಡವಟ್ಟಾಯ್ತು ಅಂತ ದಿನಕ್ಕೆ ಒಂದು ಸಾಲು ಬರೆಯಿರಿ. ಇವರ ಪುಸ್ತಕದಲ್ಲಿ ಪದೇ ಪದೇ ಬಂದದ್ದು ನಾಲ್ಕು. ಅಗಲದ ಜಾಗದಲ್ಲಿ ಉದ್ದ ಬರೆದದ್ದು. ಆಗದ ದಿನಕ್ಕೆ ಮಾತು ಕೊಟ್ಟದ್ದು. ಸಿಟ್ಟಾಗಿ ಬಂದ ಗಿರಾಕಿ ಜೊತೆ ವಾದಕ್ಕೆ ಇಳಿದದ್ದು. ಗೊತ್ತಿಲ್ಲದ್ದನ್ನು ಒಳಗೆ ಬಂದು ಕೇಳದೆ ಅಂದಾಜಿನ ಮೇಲೆ ಹೇಳಿದ್ದು. ಈ ನಾಲ್ಕೇ ನಿಮ್ಮ ಪ್ರಶ್ನೆಗಳ ತಾಯಿಬೇರು. ಹತ್ತು ಗುಣ ಹುಡುಕಲು ಹೋಗಬೇಡಿ. ನಾಲ್ಕಕ್ಕಿಂತ ಜಾಸ್ತಿ ಆದರೆ ಯಾವುದನ್ನೂ ಆಳಕ್ಕೆ ಕೇಳಲು ಆಗುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಸಿಗುವ "50 ಸಂದರ್ಶನ ಪ್ರಶ್ನೆಗಳು" ಪಟ್ಟಿಯನ್ನು ಮುಟ್ಟಬೇಡಿ. ಅದರಲ್ಲಿರುವ ಪ್ರಶ್ನೆಗಳಿಗೆ ಉತ್ತರವೂ ಅಲ್ಲೇ ಇರುತ್ತದೆ. ಬಂದವರು ಅದನ್ನು ಓದಿಕೊಂಡೇ ಬಂದಿರುತ್ತಾರೆ.

ಪ್ರಶ್ನೆ ಬರೆಯುವುದು: ಎಲ್ಲರೂ ಕೆಡಿಸುವ ಜಾಗ

ಇಲ್ಲಿ ಆತುರ ಬೇಡ, ಒಂದು ಸಂಜೆ ಪೂರ್ತಿ ಕೊಡಿ. "ನಿಮಗೆ ತಾಳ್ಮೆ ಇದೆಯಾ?" ಅಂತ ಕೇಳಿದರೆ ಇಲ್ಲ ಎನ್ನುವವರು ಯಾರೂ ಇಲ್ಲ. ಪ್ರಶ್ನೆಯೊಳಗೇ ಸರಿಯುತ್ತರ ಕೂತಿದೆ, ಅಲ್ವಾ? ಅದರ ಬದಲು ಹಿಂದೆ ನಡೆದ ಒಂದು ಘಟನೆ ಕೇಳಿ. ಅಳತೆಯ ಎಚ್ಚರ ನೋಡಲು ನಾವು ಬರೆದ ಪ್ರಶ್ನೆ ಹೀಗಿತ್ತು: "ಬರೆಯುವಾಗಲೋ ಎಣಿಸುವಾಗಲೋ ನಿಮ್ಮ ಕೈಯಿಂದ ಆದ ಒಂದು ತಪ್ಪು ನೆನಪು ಮಾಡಿಕೊಂಡು ಹೇಳಿ. ಅದು ಗೊತ್ತಾಗಿದ್ದು ಹೇಗೆ? ಆಮೇಲೆ ಏನು ಮಾಡಿದಿರಿ?"

"ನಾನು ಯಾವಾಗಲೂ ಎರಡು ಸಲ ನೋಡ್ತೀನಿ" ಅಂತ ಉತ್ತರ ಬಂದರೆ ಅದು ಘಟನೆ ಅಲ್ಲ. "ಒಂದು ಸಲ ನಡೆದದ್ದನ್ನೇ ಹೇಳಿ" ಅಂತ ಮೆತ್ತಗೆ ಮತ್ತೆ ಕೇಳಿ. ಹೀಗೆ ಎರಡು ಸಲ ಕೇಳಬಹುದು. ಎಲ್ಲರಿಗೂ ಎರಡೇ ಸಲ. ಒಬ್ಬರಿಗೆ ಐದು ಸಲ ದಾರಿ ತೋರಿಸಿ ಇನ್ನೊಬ್ಬರಿಗೆ ಸುಮ್ನೆ ಕೂತರೆ ಹೋಲಿಕೆ ಕೆಟ್ಟುಹೋಗುತ್ತದೆ. ಘಟನೆ ಹಿಂದಿನ ಕೆಲಸದ್ದೇ ಆಗಬೇಕೆಂದಿಲ್ಲ. ಓದುವಾಗಿನದ್ದಾದರೂ ಸರಿ, ಮನೆಯದ್ದಾದರೂ ಸರಿ ಅಂತ ಮೊದಲೇ ಹೇಳಿಬಿಡಿ. ಇಲ್ಲವಾದರೆ ಹೊಸಬರು ಇದರಲ್ಲೇ ಸೋತುಬಿಡುತ್ತಾರೆ.

ಕೆಲವು ವಿಷಯ ನಿಮ್ಮ ಅಂಗಡಿಯಲ್ಲಿ ಮಾತ್ರ ಬರುವಂಥದ್ದು. ಅದಕ್ಕೆ "ಹೀಗಾದರೆ ಏನು ಮಾಡುತ್ತೀರಿ" ಎನ್ನುವ ಪ್ರಶ್ನೆ ಬೇಕು. ಆದರೆ ಅದರಲ್ಲಿ ನಿಜವಾದ ಇಕ್ಕಟ್ಟು ಇರಬೇಕು. ನಮ್ಮದು: "ಗಿರಾಕಿ ಎರಡು ದಿನದಲ್ಲೇ ಬೇಕು, ಇಲ್ಲಾಂದ್ರೆ ಬೇರೆ ಕಡೆ ಕೊಡ್ತೀನಿ ಅಂತಿದ್ದಾರೆ. ಹೊಲಿಯುವವರು ಬೆಳಿಗ್ಗೆ ಆರು ದಿನ ಬೇಕು ಅಂದಿದ್ದರು. ಈಗ ಅವರು ಫೋನ್ ತೆಗೀತಿಲ್ಲ. ಏನು ಮಾಡ್ತೀರಿ?" ಇದರಲ್ಲಿ ಗಿರಾಕಿಯೂ ಉಳಿಯಬೇಕು, ಮಾತೂ ಉಳಿಯಬೇಕು. ಯಾವ ಕಡೆ ವಾಲುತ್ತಾರೆ ಅಂತ ತಿಳಿಯುತ್ತದೆ.

ಪ್ರಶ್ನೆ ಬರೆದ ಮೇಲೆ ಪೆನ್ನು ಕೆಳಗಿಡಬೇಡಿ. ಜನ ಬರುವ ಮೊದಲೇ, ಎಂಥ ಉತ್ತರಕ್ಕೆ ಎಷ್ಟು ಅಂಕ ಅಂತ ಬರೆಯಿರಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ತಪ್ಪಿನ ಪ್ರಶ್ನೆಗೆ ನಾವು ಬರೆದದ್ದು ಇದು. ತಪ್ಪೇ ಆಗಿಲ್ಲ ಎಂದರೆ, ಅಥವಾ ಬೇರೆಯವರ ಮೇಲೆ ಹಾಕಿದರೆ 1. ತಪ್ಪು ಒಪ್ಪಿ ಸರಿ ಮಾಡಿದ್ದಾರೆ, ಆದರೆ ಬೇರೆಯವರು ತೋರಿಸಿದ ಮೇಲೆ, ಆಗ 3. ತಾವೇ ಕಂಡುಹಿಡಿದು, ತಕ್ಷಣ ಹೇಳಿ, ಮತ್ತೆ ಆಗದಂತೆ ಏನಾದರೂ ಬದಲಿಸಿಕೊಂಡಿದ್ದರೆ 5. ದಿನದ ಪ್ರಶ್ನೆಗೆ: ಸುಮ್ನೆ ಒಪ್ಪಿಕೊಂಡು ಕಳಿಸಿದರೆ 1, ಆಗುವುದಿಲ್ಲ ಅಂತ ಕಡ್ಡಿ ಮುರಿದಂತೆ ಹೇಳಿದರೆ 3, ಕೇಳಿ ಇಂತಿಷ್ಟು ಹೊತ್ತಿಗೆ ತಿಳಿಸುತ್ತೇನೆ ಅಂತ ಹೇಳಿ ನಂಬರ್ ಬರೆದುಕೊಂಡರೆ 5. ನಡುವಿನದಕ್ಕೆ 2 ಮತ್ತು 4.

ಪ್ರಾಮಾಣಿಕತೆಗೆ ಒಂದು ಪ್ರಶ್ನೆ ಬೇಕೇ ಬೇಕು ಅಂತ ಮಾವನವರು ಹಟ ಹಿಡಿದರು. ನಾನು ಬೇಡ ಎಂದೆ. ದುಡ್ಡಿನ ವಿಷಯದಲ್ಲಿ ನಂಬಿಕೆಯನ್ನು ಅರ್ಧ ಗಂಟೆಯ ಮಾತಿನಲ್ಲಿ ಅಳೆಯಲು ಆಗುವುದಿಲ್ಲ. ಅದಕ್ಕೆ ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಹಾಕಿ, ದಿನಾ ಸಂಜೆ ಇಬ್ಬರು ಕೂತು ಗಲ್ಲಾ ಎಣಿಸಿ. ಬರುವವರಿಗೂ ಅದೇ ರಕ್ಷಣೆ.

ಮದುವೆ, ಮಕ್ಕಳು, ಜಾತಿ, ಧರ್ಮ ಕೇಳಲೇಬೇಡಿ. ಅಳತೆ ಬರೆಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೇಳಿದ ಮೇಲೆ ತಲೆಯಿಂದ ತೆಗೆಯಲೂ ಆಗುವುದಿಲ್ಲ.

ಕೂರಿಸಿ ಕೇಳುವ ದಿನ

ಒಬ್ಬರು ಕೇಳಬೇಕು, ಒಬ್ಬರು ಬರೆಯಬೇಕು. ಇಲ್ಲಿ ಸೊಸೆ ಕೇಳಿದರು, ಮಾವ ಬರೆದರು. "ಚೆನ್ನಾಗಿ ಹೇಳಿದ" ಅಂತ ಬರೆದರೆ ಉಪಯೋಗವಿಲ್ಲ, ಬಂದವರು ಆಡಿದ ಮಾತೇ ಹಾಳೆಯ ಮೇಲೆ ಇರಬೇಕು.

ಮಾತಿನ ನಂತರ ಹದಿನೈದು ನಿಮಿಷ ಕೆಲಸವನ್ನೇ ಮಾಡಿಸಿ. ಇವರು ಟೇಪು, ಆರ್ಡರ್ ಹಾಳೆ ಕೊಟ್ಟು ಅಂಗಡಿಯ ಬಾಗಿಲನ್ನು ತೋರಿಸಿದರು. ಜೊತೆಗೆ ಮೂರು ಸಾಲಿನ ಸೂಚನೆ: ಮೊದಲು ಅಗಲ, ಆಮೇಲೆ ಉದ್ದ. ಉದ್ದವನ್ನು ಎಡ, ನಡು, ಬಲ ಮೂರೂ ಕಡೆ ಅಳೆಯಿರಿ. ಅದರಲ್ಲಿ ಚಿಕ್ಕದನ್ನು ಬರೆಯಿರಿ. ನೆಲ ಒಂದೇ ಸಮ ಇಲ್ಲದಿದ್ದರೆ ಪರದೆ ಎಳೆದಾಡಬಾರದು ಅಂತ ಹೀಗೆ. ಪರದೆ ಕೆಲಸ ಗೊತ್ತಿರಬೇಕಿಲ್ಲ, ಸೂಚನೆ ಓದಿ ಹಾಗೇ ಮಾಡುತ್ತಾರಾ ಅಂತ ಮಾತ್ರ ನೋಡುವುದು. ಇದಕ್ಕೂ 5 ಅಂಕ. ಒಟ್ಟು 25.

ಅಂಕ ಹಾಕುವಾಗ ಬಾಯಿ ಬಿಡಬೇಡಿ

ಒಬ್ಬರು ಎದ್ದುಹೋದ ತಕ್ಷಣ, ಇನ್ನೊಬ್ಬರನ್ನು ಕರೆಯುವ ಮೊದಲು, ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಅಂಕ ಬರೆಯಬೇಕು. ಪ್ರತಿ ಪ್ರಶ್ನೆಗೂ ಬೇರೆ ಅಂಕ. ಮನೆಯ ಹಿರಿಯರು "ಇವನೇ ಸರಿ" ಅಂದುಬಿಟ್ಟರೆ ಉಳಿದವರ ಅಂಕಕ್ಕೆ ಬೆಲೆ ಇಲ್ಲ. ಅದಕ್ಕೇ ಹಿರಿಯರು ಕೊನೆಗೆ ಮಾತಾಡಲಿ ಅಂತ ಮೊದಲೇ ಒಪ್ಪಿಸಿಕೊಳ್ಳಿ.

1950ರ ದಶಕದಲ್ಲಿ ಇಸ್ರೇಲ್ ಸೇನೆಯಲ್ಲಿ ಡೇನಿಯಲ್ ಕಾನೆಮನ್ ಇದನ್ನೇ ಮಾಡಿಸಿದರು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದವರು ಇವರು, ಆಗಿನ್ನೂ ಇಪ್ಪತ್ತರ ಆಸುಪಾಸಿನ ಯುವಕ. ಆರು ಗುಣ, ಹಿಂದಿನ ಜೀವನದ ಬಗ್ಗೆ ಬರೆದಿಟ್ಟ ಪ್ರಶ್ನೆ, ಒಂದು ಗುಣಕ್ಕೆ ಅಂಕ ಹಾಕಿದ ಮೇಲೆಯೇ ಮುಂದಿನದು. ಸಂದರ್ಶಕರು ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಅಂತ ಗೊಣಗಿದರು. ಆದರೆ ಮನಸ್ಸಿಗೆ ತೋಚಿದಂತೆ ಆರಿಸುತ್ತಿದ್ದ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು ಅಂತ ಕಂಡುಬಂತು. ಕೊನೆಗೆ ಕಣ್ಣು ಮುಚ್ಚಿ ಒಂದು ಒಟ್ಟು ಅಂಕ ಕೊಡಿ ಅಂತಲೂ ಹೇಳಿದ್ದರು. ಆ ಅಂಕವೂ ಚೆನ್ನಾಗಿ ಕೆಲಸ ಮಾಡಿತು. ಅನ್ನಿಸಿಕೆ ಬೇಡ ಅಂತಲ್ಲ, ಅಂಕ ಬರೆದಾದ ಮೇಲೆ ಬರಲಿ ಅಂತ.

ನಮ್ಮಲ್ಲಿ ಕೊನೆಗೆ ಉಳಿದವರು ಇಬ್ಬರು. ಮೊದಲನೆಯವರು ಮಾತಿನಲ್ಲಿ ಗಟ್ಟಿಗ, ನಗುನಗುತ್ತಾ ಬಂದರು. ದಿನದ ಪ್ರಶ್ನೆಗೆ ಮಾವ 4 ಕೊಟ್ಟರು, ಸೊಸೆ 2. ಎರಡು ಅಂಕದ ವ್ಯತ್ಯಾಸ ಬಂದರೆ ವಾದ ಮಾಡಬೇಡಿ, ಬರೆದುಕೊಂಡ ಮಾತನ್ನು ಓದಿ ಎಂದು ಹೇಳಿದ್ದೆ. ಮಾವನವರ ಕೈಬರಹದಲ್ಲೇ ಇತ್ತು: "ಆಯ್ತು ಸರ್ ಅಂತ ಹೇಳಿ ಕಳಿಸ್ತೀನಿ, ಆಮೇಲೆ ಒಳಗೆ ಹೇಗಾದ್ರೂ ಮಾಡಿಸ್ತೀನಿ." ಅವರು ಕನ್ನಡಕ ಸರಿ ಮಾಡಿಕೊಂಡು, ಪಕ್ಕದ ಹಾಳೆಯಲ್ಲಿ 1ಕ್ಕೆ ಬರೆದಿದ್ದನ್ನು ಓದಿದರು. ಸುಮ್ಮನೆ 4 ಹೊಡೆದುಹಾಕಿ 1 ಬರೆದರು. ಸೊಸೆಯೂ ತಮ್ಮ 2 ಅಳಿಸಿ 1 ಮಾಡಿದರು.

ಎರಡನೆಯ ಹುಡುಗಿ ಸಂಕೋಚದವಳು. ತಪ್ಪಿನ ಪ್ರಶ್ನೆಗೆ, ಗ್ರಂಥಾಲಯದಲ್ಲಿ ಪುಸ್ತಕ ವಾಪಸ್ ತೆಗೆದುಕೊಳ್ಳುವಾಗ ಒಂದೇ ಹೆಸರಿನ ಇಬ್ಬರ ಲೆಕ್ಕ ಅದಲು ಬದಲು ಮಾಡಿದ್ದೆ ಎಂದಳು. ಸಂಜೆ ಕಪಾಟು ಎಣಿಸುವಾಗ ಪುಸ್ತಕ ತಾಳೆಯಾಗಲಿಲ್ಲವಂತೆ, ಅಂದೇ ಮೇಲಿನವರಿಗೆ ಹೇಳಿದಳಂತೆ. "ಅವತ್ತಿಂದ ಹೆಸರು ಕೇಳೋದು ಬಿಟ್ಟು ಕಾರ್ಡ್ ನಂಬರ್ ಓದಿಸ್ತಿದ್ದೆ." ಇಬ್ಬರೂ 5 ಕೊಟ್ಟರು. ಬಾಗಿಲನ್ನು ಮೂರು ಕಡೆ ಅಳೆದಳು. ಒಟ್ಟು ಅವಳಿಗೆ 21, ಮೊದಲನೆಯವರಿಗೆ 13. ಸಿಟ್ಟಿನ ಗಿರಾಕಿಯ ಪ್ರಶ್ನೆಯಲ್ಲಿ ಮಾತ್ರ ಅವರಿಗೆ 5, ಇವಳಿಗೆ 3.

ಅವಳು ಹಿಂದೆ ಕೆಲಸ ಮಾಡಿದ್ದ ಕಡೆಗೆ ಒಂದು ಫೋನ್ ಮಾಡಿ, ಅವಳು ಹೇಳಿದ ಆ ಘಟನೆಯನ್ನೇ ಕೇಳಿ ಖಾತ್ರಿ ಮಾಡಿಕೊಂಡರು. ಆರಿಸದವರಿಗೆ ಎರಡು ದಿನದೊಳಗೆ ತಿಳಿಸಿದರು.

ಇದರ ಮಿತಿ

ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿ 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಹೇಳಿದ್ದು ಇದು: ಪೂರ್ತಿ ತಾಳೆಯಾಗುವುದಕ್ಕೆ 1 ಅಂತ ಇಟ್ಟುಕೊಂಡರೆ, ಹೀಗೆ ಕ್ರಮಬದ್ಧವಾಗಿ ಕೇಳಿದ ಸಂದರ್ಶನಕ್ಕೂ ಮುಂದಿನ ಕೆಲಸಕ್ಕೂ ಇರುವ ಸಂಬಂಧ 0.42. ಬಾಯಿಗೆ ಬಂದಂತೆ ಕೇಳಿದ್ದಕ್ಕೆ 0.19. ಎರಡರಷ್ಟು ಒಳ್ಳೆಯದು, ಆದರೂ 1ಕ್ಕೆ ತುಂಬಾ ದೂರ. ಹಾಗಾಗಿ ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ ಅಂತ ಬರೆದುಕೊಡಿ. ಅದೇ ನಾಲ್ಕು ವಿಷಯದಲ್ಲಿ ತಿಂಗಳಿಗೊಮ್ಮೆ ಕೂತು ಮಾತಾಡಿ. ಇವಳ ಜೊತೆ ಮೊದಲ ತಿಂಗಳು ಸೊಸೆ ಸಿಟ್ಟಾದ ಗಿರಾಕಿ ಬಂದಾಗಲೆಲ್ಲ ಪಕ್ಕದಲ್ಲಿ ನಿಂತರು. 3 ಬಂದದ್ದು ಅಲ್ಲೇ ಅಂತ ಮೊದಲೇ ಗೊತ್ತಿತ್ತಲ್ಲ.

ಹಾಳೆಗಳನ್ನು ಎಸೆಯಬೇಡಿ. ಆರು ತಿಂಗಳಾದ ಮೇಲೆ ಇವರು ತೆಗೆದು ನೋಡಿದರು. "ಗೊತ್ತಿಲ್ಲದಿದ್ದರೆ ಏನು ಮಾಡ್ತೀರಿ" ಎನ್ನುವ ನಾಲ್ಕನೆಯ ಪ್ರಶ್ನೆಗೆ ಬಂದವರೆಲ್ಲರಿಗೂ 4 ಬಿದ್ದಿತ್ತು. ಎಲ್ಲರೂ "ನಿಮ್ಮನ್ನು ಕೇಳ್ತೀನಿ" ಎಂದೇ ಹೇಳಿದ್ದರು. ಒಬ್ಬರಿಂದ ಒಬ್ಬರನ್ನು ಬೇರೆ ಮಾಡದ ಪ್ರಶ್ನೆ ಇದ್ದೂ ಇಲ್ಲದಂತೆ. ಮುಂದಿನ ಸಲಕ್ಕೆ ಅದನ್ನು ಹೊಡೆದುಹಾಕಿ, "ಗೊತ್ತಿಲ್ಲದೆ ಅಂದಾಜಿನ ಮೇಲೆ ಮಾಡಿದ ಒಂದು ಕೆಲಸ ಹೇಳಿ, ಆಮೇಲೆ ಏನಾಯ್ತು?" ಅಂತ ಬರೆದಿಟ್ಟಿದ್ದಾರೆ.