ಬೆಳಗಿನ ಶುಗರ್‌ಗೆ ರಾತ್ರಿ ಡೋಸೇ ಉತ್ತರ ಹೇಳಬೇಕು: ಅವ್ವನ ಮಿಕ್ಸ್ ಇನ್ಸುಲಿನ್ ಸರಿಮಾಡಿದ ಅನುಭವ

ನಮ್ಮ ಅವ್ವನಿಗೆ ಎಪ್ಪತ್ತರ ಹತ್ತಿರ ವಯಸ್ಸು. ದಿನಕ್ಕೆ ಎರಡು ಹೊತ್ತು 30/70 ಮಿಕ್ಸ್ ಇನ್ಸುಲಿನ್, ಅಂದರೆ ಮೂವತ್ತು ಪಾಲು ಬೇಗ ಕೆಲಸ ಮಾಡುವುದು, ಎಪ್ಪತ್ತು ಪಾಲು ನಿಧಾನದ್ದು. ಎಂಎಲ್‌ಗೆ ನಲವತ್ತು ಯೂನಿಟ್ ಇರುವ ನಲವತ್ತರ ಬಾಟಲಿ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಮೂರು ತಿಂಗಳ ಸರಾಸರಿ, ಅದೇ ಎಚ್‌ಬಿಎ1ಸಿ, ಹತ್ತರ ಆಸುಪಾಸು ಇತ್ತು. ಈಗ ಏಳೂವರೆ ಚಿಲ್ಲರೆಗೆ ಬಂದಿದೆ. ಹೊಸ ಔಷಧ ಏನೂ ಸೇರಿಸಿಲ್ಲ. ಡೋಸ್ ಬದಲಾಯಿಸುವ ರೀತಿ ಬದಲಾಯಿತು, ಅಷ್ಟೇ. "ಮನೇಲಿ ಕೂತು ಡೋಸ್ ಆಡಿಸ್ತೀಯಾ, ನೀನೇನು ಡಾಕ್ಟ್ರಾ?" ಅಂತ ಭಾವ ನಕ್ಕಿದ್ದರು. ಈಗ ಅವರೇ ಅವರ ತಂದೆಯ ಚೀಟಿ ಫೋಟೋ ತೆಗೆದು ಕಳಿಸುತ್ತಾರೆ, ಅದಕ್ಕೇ ಬರೆಯೋಣ ಅನ್ನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸುಮ್ನೆ ನನ್ನ ಬುದ್ಧಿಯಿಂದ ಮಾಡಿದ್ದಲ್ಲ. ದಾವಣಗೆರೆಯ ನಮ್ಮ ಡಾಕ್ಟರ್ ಚೀಟಿಯ ಹಿಂದೆ ಬರೆದುಕೊಟ್ಟಿದ್ದರು: ಒಂದು ಸಲಕ್ಕೆ ಎರಡು ಯೂನಿಟ್ ಮಾತ್ರ, ಶುಗರ್ ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಇಳಿಸು, ಡೋಸ್ ಇಷ್ಟರ ಮೇಲೆ ಹೋಗಬೇಕಾದರೆ ಫೋನ್ ಮಾಡು. ಅಂಥ ಚೀಟಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಬರೆಸಿಕೊಳ್ಳಿ, ನಮ್ಮ ಅಂಕಿ ನಿಮಗೆ ಬೇಡ.

ಮೊದಲು ಅಕ್ಕನ ಮನೆಯಲ್ಲಿದ್ದಾಗ ನಡೆಯುತ್ತಿದ್ದದ್ದು ಹೀಗೆ. ಬೆಳಗ್ಗೆ ಚೆಕ್ ಮಾಡಿದರೆ 200. "ಅಯ್ಯೋ ಜಾಸ್ತಿ ಇದೆ" ಅಂತ ಆಗಲೇ ಹಾಕುವ ಬೆಳಗಿನ ಡೋಸಿಗೆ ನಾಲ್ಕು ಸೇರಿಸೋದು, 20 ಇದ್ದದ್ದು 24. ಮಧ್ಯಾಹ್ನ ಊಟ ಸ್ವಲ್ಪ ತಡವಾದರೆ ನಾಲ್ಕು ಗಂಟೆಗೆ ಅವ್ವನಿಗೆ ಬೆವರು, ಕೈ ನಡುಕ, ಮೀಟರ್‌ನಲ್ಲಿ ಅರವತ್ತು ಚಿಲ್ಲರೆ. ಸಕ್ಕರೆ ನೀರು ಕುಡಿಸಿ ಏಳಿಸೋದು. ಆ ಹೆದರಿಕೆಗೆ ರಾತ್ರಿ ಡೋಸ್ ಕಡಿಮೆ ಹಾಕೋದು. ಮರುದಿನ ಬೆಳಗ್ಗೆ 230. ಮತ್ತೆ ಬೆಳಗಿನದಕ್ಕೆ ಏರಿಸೋದು. ಇದು ತಿಂಗಳುಗಟ್ಟಲೆ ನಡೆದಿದೆ.

ಎಡವಟ್ಟು ಎಲ್ಲಿ ಅಂದರೆ, ಸೂಜಿ ಹಾಕುವ ಮುಂಚೆ ಬರುವ ಅಂಕಿ ಆಗ ಹಾಕುವ ಡೋಸಿನದ್ದಲ್ಲ, ಹಿಂದಿನ ಡೋಸಿನ ಫಲ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಹಿಂದಿನ ರಾತ್ರಿಯ ಡೋಸ್ ಹೇಗಿತ್ತು ಅಂತ ಹೇಳುತ್ತದೆ. ರಾತ್ರಿ ಊಟಕ್ಕೆ ಮುಂಚಿನದು ಬೆಳಗಿನ ಡೋಸಿನ ಲೆಕ್ಕ. ಮಿಕ್ಸ್‌ನಲ್ಲಿ ಬೇಗ ಕೆಲಸ ಮಾಡುವ ಭಾಗ ಇದೆಯಲ್ಲ, ಅದರ ಸುದ್ದಿ ಮಧ್ಯಾಹ್ನ ಊಟಕ್ಕೆ ಮುಂಚೆ ಮತ್ತು ಮಲಗುವಾಗ ಸಿಗುತ್ತದೆ. ಇಷ್ಟು ತಲೆಗೆ ಹೋದ ಮೇಲೆ ಉಳಿದದ್ದು ತಾಳ್ಮೆ.

ನಾನು ಶುರು ಮಾಡಿದಾಗ ಬೆಳಗ್ಗೆ 20, ರಾತ್ರಿ 12. ಮೂರು ದಿನ ಡೋಸ್ ಮುಟ್ಟದೆ ನಾಲ್ಕು ಹೊತ್ತೂ ಚೆಕ್ ಮಾಡಿದೆ. ಬೆಳಗ್ಗೆ 180ರಿಂದ 205, ಮಧ್ಯಾಹ್ನ 150ರ ಹತ್ತಿರ, ರಾತ್ರಿ ಊಟಕ್ಕೆ ಮುಂಚೆ 125ರಿಂದ 150, ಮಲಗುವಾಗ 200 ಆಸುಪಾಸು. ನೋಡಿದರೇ ಗೊತ್ತಾಗುತ್ತೆ, ಬೆಳಗಿನ ಡೋಸ್‌ಗೆ ಏನೂ ಆಗಿಲ್ಲ. ರಾತ್ರಿಯದೇ ಸಾಲದು. ಮೂರು ದಿನದಲ್ಲಿ ಅತಿ ಕಡಿಮೆ ಬಂದ ಅಂಕಿ ಹಿಡಿದು ತೀರ್ಮಾನ ಮಾಡಬೇಕು, ಸರಾಸರಿ ತೆಗೆಯಬಾರದು. ಯಾಕಂದ್ರೆ ಏರಿಸಿದ ಡೋಸು ಎಲ್ಲಕ್ಕಿಂತ ಕಡಿಮೆ ಬಂದ ದಿನದಂಥ ದಿನಕ್ಕೂ ಬೀಳುತ್ತದೆ.

ರಾತ್ರಿ 14 ಮಾಡಿದೆ. ಮೂರು ದಿನ ಕಾದೆ. ಮಲಗುವಾಗ 180, ಬೆಳಗ್ಗೆ 170 ಅಂದಾಜು. 16 ಮಾಡಿದೆ. ಮಲಗುವಾಗ 150, ಬೆಳಗ್ಗೆ 150. ಇಲ್ಲಿಗೆ ಭಾವನ ಬಾಯಿ ಅರ್ಧ ಮುಚ್ಚಿತು. 18ಕ್ಕೆ ಹೋದಾಗ ಬೆಳಗಿನದು 125ಕ್ಕೆ ಇಳಿದು ಚೆನ್ನಾಗಿ ಕಂಡಿತು, ಆದರೆ ಮಲಗುವಾಗ 100ರ ಸುತ್ತಮುತ್ತ. ಇಲ್ಲೇ ಎಚ್ಚರ ಬೇಕು. ಏಳೂವರೆಗೆ ಹಾಕಿದ ಸೂಜಿಯಲ್ಲಿ ನಿಧಾನದ ಭಾಗ ಮಧ್ಯರಾತ್ರಿಯಿಂದ ಮುಂದೆ ಜೋರಾಗಿ ಇಳಿಸುತ್ತದೆ, ಹತ್ತೂವರೆಗೆ 100 ಇದ್ದರೆ ಮೂರು ಗಂಟೆಗೆ ಎಲ್ಲಿರುತ್ತೆ? ಅಲಾರಂ ಇಟ್ಟು ಎದ್ದು ಬೆರಳು ಚುಚ್ಚಿ ಚೆಕ್ ಮಾಡಿದೆ. 74. ಅವ್ವ ಗೊರಕೆ ಹೊಡೆಯುತ್ತಿದ್ದಳು, ಬೆವರೂ ಇಲ್ಲ, ಏನೂ ಇಲ್ಲ. ಬೆಳಗಿನ ಚೆಂದದ ಅಂಕಿ ಮಾತ್ರ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಎಬ್ಬಿಸಿ ಒಂದು ಲೋಟ ಹಾಲು ಕುಡಿಸಿ, ಮರುದಿನ ರಾತ್ರಿಯೇ 16ಕ್ಕೆ ಇಳಿಸಿದೆ. ಇಳಿಸುವುದಕ್ಕೆ ಮೂರು ದಿನ ಕಾಯುವ ಮಾತಿಲ್ಲ.

ಮಿಕ್ಸ್ ಇನ್ಸುಲಿನ್‌ನ ತೊಡಕೇ ಇದು. ಎರಡೂ ಭಾಗ ಒಂದೇ ಬಾಟಲಿಯಲ್ಲಿ. ಬೆಳಗಿನದು ಇಳಿಯಲಿ ಅಂತ ರಾತ್ರಿ ಏರಿಸಿದರೆ ಮಲಗುವಾಗಿನದೂ ಜೊತೆಗೇ ಇಳಿಯುತ್ತದೆ. ಒಂದನ್ನೇ ತಿರುಗಿಸುವ ಕೀಲಿ ಇಲ್ಲ. ನಲವತ್ತರ ಸಿರಿಂಜ್‌ನಲ್ಲಿ ಒಂದೊಂದೇ ಯೂನಿಟ್ ಗೆರೆ ಇರುತ್ತೆ, ಹಾಗಾಗಿ 17ರಲ್ಲಿ ನಿಲ್ಲಿಸಿದೆ. ಬೆಳಗ್ಗೆ 130ರಿಂದ 150, ಮಲಗುವಾಗ 120ರ ಮೇಲೆ. ಡಾಕ್ಟರ್‌ಗೆ ತೋರಿಸಿದೆ, "ಈ ವಯಸ್ಸಿಗೆ ಸಾಕು, ಇದರ ಕೆಳಗೆ ಓಡಿಸಬೇಡಿ" ಅಂದರು. ಮಲಗುವಾಗ ಎಂದಾದರೂ ನೂರಕ್ಕಿಂತ ಕಡಿಮೆ ಬಂದರೆ ಅರ್ಧ ಲೋಟ ಹಾಲು, ಒಂದು ತುಂಡು ರೊಟ್ಟಿ. ಅದು ಪದೇ ಪದೇ ಆದರೆ ತಿನ್ನಿಸುತ್ತಾ ಕೂರಬೇಡಿ, ರಾತ್ರಿ ಡೋಸ್ ಇಳಿಸಿ.

ಈಗ ಮಂಡಕ್ಕಿ ಪುರಾಣ. ಮಧ್ಯದಲ್ಲಿ ಒಂದು ವಾರ ರಾತ್ರಿ ಊಟಕ್ಕೆ ಮುಂಚಿನ ಅಂಕಿ 200 ದಾಟತೊಡಗಿತು. ಲೆಕ್ಕದ ಪ್ರಕಾರ ಬೆಳಗಿನ ಡೋಸ್ ಏರಿಸಬೇಕು. ಆದರೆ ಮಧ್ಯಾಹ್ನದ ಅಂಕಿ 110, ಏರಿಸಿದರೆ ಮಧ್ಯಾಹ್ನವೇ ಕುಸಿಯುತ್ತೆ. ವಿಚಾರಿಸಿದರೆ ಪಕ್ಕದ ಮನೆಯವರ ಜೊತೆ ಐದು ಗಂಟೆಗೆ ಮಂಡಕ್ಕಿ ಮಿರ್ಚಿ. ನನಗೂ ಕುತೂಹಲ, ಒಂದು ದಿನ ಬಟ್ಟಲು ಮಂಡಕ್ಕಿ, ಒಂದು ದಿನ ಅದೇ ಬಟ್ಟಲಲ್ಲಿ ಬೇಯಿಸಿದ ಕಡಲೆ ಕೊಟ್ಟು ಏಳು ಗಂಟೆಗೆ ಚೆಕ್ ಮಾಡಿದೆ. ಅರವತ್ತು ಎಪ್ಪತ್ತು ಪಾಯಿಂಟ್ ವ್ಯತ್ಯಾಸ! ಮಂಡಕ್ಕಿಗೋಸ್ಕರ ಡೋಸ್ ಏರಿಸಬೇಡಿ, ಮಂಡಕ್ಕಿ ಇಲ್ಲದ ದಿನ ಅದೇ ಡೋಸ್ ಕೆಡವುತ್ತೆ. ಅವ್ವನನ್ನು ಕಡಲೆಗೆ ಒಪ್ಪಿಸಿದ್ದು ಹೇಗೆ ಅನ್ನೋದು ನಮ್ಮ ಮನೆ ಗುಟ್ಟು.

ಅಂಕಿ ಕಾರಣವಿಲ್ಲದೆ ಕುಣಿಯುತ್ತಿದ್ದರೆ ಡೋಸ್ ಮುಟ್ಟುವ ಮುಂಚೆ ಹೊಟ್ಟೆ ತಡವಿ ನೋಡಿ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟಾಗಿರುತ್ತೆ, ಅಲ್ಲಿ ಔಷಧ ಒಂದು ದಿನ ಹೀರುತ್ತೆ, ಒಂದು ದಿನ ಇಲ್ಲ. ಗಂಟು ಬಿಟ್ಟು ಮೆತ್ತಗಿನ ಜಾಗಕ್ಕೆ ಹೋದರೆ ಅದೇ ಡೋಸ್ ಜಾಸ್ತಿ ಕೆಲಸ ಮಾಡಿ ಶುಗರ್ ಲೋ ಆಗಬಹುದು, ಹಾಗಾಗಿ ಜಾಗ ಬದಲಿಸುವ ದಿನ ಎಷ್ಟು ಇಳಿಸಬೇಕು ಅಂತ ಡಾಕ್ಟರ್‌ನ ಕೇಳಿಕೊಳ್ಳಿ. ಬಾಟಲಿಯನ್ನು ಅಂಗೈಯಲ್ಲಿ ಉರುಳಿಸಿ ಹಾಲಿನ ಬಣ್ಣ ಒಂದೇ ಸಮ ಆಗುವವರೆಗೆ ಬೆರೆಸುವುದು, ಸೂಜಿ ಆಗಿ ಅರ್ಧ ಗಂಟೆಗೆ ಊಟ, ಇವು ನಿಮಗೆ ಗೊತ್ತಿರೋದೇ.

ದುಡ್ಡಿನ ಮಾತು. ಇನ್ಸುಲಿನ್‌ಗಿಂತ ಸ್ಟ್ರಿಪ್ಪೇ ದುಬಾರಿ. ಒಂದಕ್ಕೆ ಇಪ್ಪತ್ತು ರೂಪಾಯಿ ಹತ್ತಿರ ಬೀಳುತ್ತೆ, ನಾಲ್ಕು ಹೊತ್ತು ಅಂದರೆ ದಿನಕ್ಕೆ ಎಂಬತ್ತು. ಅದಕ್ಕೇ ಡೋಸ್ ಬದಲಾಯಿಸುವ ವಾರಗಳಲ್ಲಿ ಮಾತ್ರ ಕೈ ಬಿಚ್ಚಿ ಖರ್ಚು ಮಾಡಿದೆ. ಈಗ ವಾರಕ್ಕೆ ಎರಡು ದಿನ ನಾಲ್ಕೂ ಹೊತ್ತು ನೋಡುತ್ತೇನೆ, ಉಳಿದ ದಿನ ಬೆಳಗ್ಗೆ ಒಂದೇ. ದಿನಕ್ಕೊಂದು ಅಂತ ಬೇರೆ ಬೇರೆ ಹೊತ್ತಿಗೆ ಹಂಚಿ ಚೆಕ್ ಮಾಡುವವರೂ ಇದ್ದಾರೆ. ಅದರಿಂದ ನನಗೆ ಏನೂ ತಿಳಿಯಲಿಲ್ಲ, ಯಾಕಂದ್ರೆ ಮಲಗುವಾಗಿನದೂ ಮರುಬೆಳಗಿನದೂ ಜೋಡಿಯಾಗಿ ಸಿಕ್ಕರೇನೇ ರಾತ್ರಿಯಿಡೀ ಎಷ್ಟು ಇಳಿಯಿತು ಅಂತ ಗೊತ್ತಾಗೋದು. ಜ್ವರ ಬಂದಾಗ, ಊಟ ಸೇರದಿದ್ದಾಗ ಮಾತ್ರ ಈ ಲೆಕ್ಕ ಯಾವುದೂ ನಡೆಯಲ್ಲ, ಆಗ ನಾನು ನೇರ ಡಾಕ್ಟರ್‌ಗೆ ಫೋನ್ ಮಾಡುತ್ತೇನೆ.