ಅವ್ವನ ಪೆನ್ಷನ್ ಬಂತಾ? ಪಾಸ್‌ಬುಕ್ಕಿನ ಆ ಒಂದು ಸಾಲು ಹುಡುಕೋದನ್ನು ಕಲಿಸಿದ್ದು ಹೀಗೆ

ನಮ್ಮ ಅವ್ವನಿಗೆ ಬರುವುದು ಇಪಿಎಸ್-95 ವಿಧವಾ ಪೆನ್ಷನ್. ಅಪ್ಪ ಮೈಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು, ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಪೆನ್ಷನ್ ಅವ್ವನ ಹೆಸರಿಗೆ ಆಯಿತು. ತಿಂಗಳಿಗೆ 1,846 ರೂಪಾಯಿ. ಅವ್ವ ಇರುವುದು ಮಂಡ್ಯದ ಹತ್ತಿರ ಹಳ್ಳಿಯಲ್ಲಿ, ನಾನು ಮೈಸೂರಿನಲ್ಲಿ. ಪೆನ್ಷನ್ ಬೀಳುವ ಖಾತೆಗೇ ಡೈರಿಯ ಹಾಲಿನ ಬಟವಾಡೆಯೂ ಬೀಳುತ್ತದೆ, ಗೃಹಲಕ್ಷ್ಮಿಯ 2,000ವೂ ಬೀಳುತ್ತದೆ. ತೊಡಕು ಇದ್ದದ್ದೇ ಇಲ್ಲಿ. ದುಡ್ಡು ಬಂದಿದೆ ಅನ್ನುವುದು ಅವ್ವನಿಗೆ ಗೊತ್ತಾಗುತ್ತಿತ್ತು, ಬಂದದ್ದು ಯಾವ ದುಡ್ಡು ಅನ್ನುವುದು ಗೊತ್ತಾಗುತ್ತಿರಲಿಲ್ಲ. ಒಂದು ಸಲ ಗೃಹಲಕ್ಷ್ಮಿ ಬಿದ್ದಾಗ ಫೋನ್ ಮಾಡಿ, "ಪೆನ್ಷನ್ ಜಾಸ್ತಿ ಮಾಡವ್ರೆ ಕಣವ್ವ, ಎರಡು ಸಾವಿರ ಬಂದದೆ" ಅಂದಳು.

ಅವ್ವ ಕನ್ನಡ ಓದುತ್ತಾಳೆ, ಇಂಗ್ಲಿಷ್ ಬರುವುದಿಲ್ಲ. ಆದರೆ ಅಂಕಿ ಚೆನ್ನಾಗಿ ಗೊತ್ತು. ಡೈರಿಯ ಹಾಲಿನ ಪುಸ್ತಕದಲ್ಲಿ ಲೀಟರು, ಫ್ಯಾಟು, ದುಡ್ಡು ಮೂರನ್ನೂ ಬೆರಳಿಟ್ಟು ಲೆಕ್ಕ ಹಾಕುತ್ತಾಳೆ, ಹತ್ತು ಪೈಸೆ ಹೆಚ್ಚು ಕಮ್ಮಿಯಾದರೂ ಸೆಕ್ರೆಟರಿಯನ್ನು ಬಿಡುವುದಿಲ್ಲ. ಅದಕ್ಕೇ ಪಾಸ್‌ಬುಕ್ಕಿನ ಇಂಗ್ಲಿಷ್ ಓದಿಸುವ ಗೋಜಿಗೆ ನಾನು ಹೋಗಲಿಲ್ಲ. "ಇದೂ ನಿನ್ನ ಹಾಲಿನ ಪುಸ್ತಕ ಇದ್ದಂಗೆ, ಅಂಕಿ ಮಾತ್ರ ನೋಡು" ಅಂದೆ.

ಮೊದಲು ಕಲಿಸಿದ್ದು ಮೊತ್ತ. ಇಪಿಎಸ್ ಪೆನ್ಷನ್‌ಗೆ ತುಟ್ಟಿಭತ್ಯೆ ಸೇರುವುದಿಲ್ಲ. ಹಾಗಾಗಿ ತಿಂಗಳು ತಿಂಗಳಿಗೂ ಒಂದೇ ಅಂಕಿ ಬರುತ್ತದೆ, ರೂಪಾಯಿಯೂ ಬದಲಾಗುವುದಿಲ್ಲ. ಪೆನ್ಷನ್ ಹೆಚ್ಚಾಗದೇ ಇರುವುದು ಬೇಜಾರಿನ ವಿಷಯವೇ. ಆದರೆ ಗುರುತು ಹಿಡಿಯುವುದಕ್ಕೆ ಅದರಿಂದ ಬಹಳ ಅನುಕೂಲ. ಗೃಹಲಕ್ಷ್ಮಿಯದು ಸೊನ್ನೆಗಳಿರುವ ಮೊತ್ತ. ಬಟವಾಡೆ ಪ್ರತಿ ಸಲ ಬೇರೆ ಬೇರೆ. 1,846 ಮಾತ್ರ ಯಾವಾಗಲೂ 1,846. ಪಾಸ್‌ಬುಕ್ಕಿನ ಒಳರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 1846 ಅಂತ ಬರೆದುಕೊಟ್ಟೆ. ಸರ್ಕಾರಿ ನೌಕರಿಯಿಂದ ನಿವೃತ್ತರಾದವರ ಮನೆಯಲ್ಲಿ ಇದು ಇಷ್ಟು ಸಲೀಸಲ್ಲ. ಅಲ್ಲಿ ತುಟ್ಟಿಭತ್ಯೆ ಹೆಚ್ಚಾದಾಗ ಮೊತ್ತ ಬದಲಾಗುತ್ತದೆ, ನಡುವೆ ಹಿಂಬಾಕಿಯೂ ಸೇರಿ ಬರುತ್ತದೆ. ಅವರು ರಟ್ಟಿನ ಮೇಲಿನ ಅಂಕಿಯನ್ನು ಆಗಾಗ ಹೊಡೆದು ಹೊಸದು ಬರೆಯಬೇಕು.

ಆಮೇಲೆ ಕಾಲಂ. ಪ್ರತಿ ಸಾಲಿನಲ್ಲಿ ದುಡ್ಡಿನ ಅಂಕಿ ಬೀಳುವುದು ಮೂರು ಜಾಗದಲ್ಲಿ: ಹೋದದ್ದು, ಬಂದದ್ದು, ಉಳಿದದ್ದು. ಅವ್ವನ ಪುಸ್ತಕದಲ್ಲಿ ಇದೇ ಕ್ರಮ. ನಿಮ್ಮ ಬ್ಯಾಂಕಿನದು ಬೇರೆ ಇರಬಹುದು, ತಲೆಬರಹ ನೋಡಿಕೊಳ್ಳಿ. ಬಂದದ್ದರ ಕಾಲಂ ತಲೆಯ ಮೇಲೆ ಹಸಿರು ಪೆನ್ನಿನಲ್ಲಿ ಒಂದು ಗೆರೆ ಎಳೆದೆ. 1846 ಆ ಗೆರೆಯ ಕೆಳಗೇ ಇರಬೇಕು.

ಮೂರನೆಯದು ಕೂಡಿ ನೋಡುವುದು. ಮೇಲಿನ ಸಾಲಿನ ಬಾಕಿಗೆ ಬಂದದ್ದನ್ನು ಸೇರಿಸಿದರೆ ಈ ಸಾಲಿನ ಬಾಕಿ ಬರಬೇಕು. 2025ರ ಜೂನ್ ಕೊನೆಯ ಪುಟವನ್ನು ಇಬ್ಬರೂ ಕೂತು ನೋಡಿದೆವು. ಮೇಲಿನ ಸಾಲಿನ ಬಾಕಿ 6,204.30 ಇತ್ತು. ಅದರ ಕೆಳಗೆ ಹೀಗಿತ್ತು:

```
25-06-25  INT PD             38.00  6242.30
27-06-25  SMS CHG   17.70           6224.60
30-06-25  NACH CR          1846.00  8070.60
```

ಮೊದಲ ಸಾಲು ನೋಡಿ ಅವ್ವ, "ಇದೇನು ಮೂವತ್ತೆಂಟು? ಯಾರು ಹಾಕುದ್ರು?" ಅಂದಳು. ಅದು ಉಳಿತಾಯ ಖಾತೆಗೆ ಬ್ಯಾಂಕು ಕೊಡುವ ಬಡ್ಡಿ, ಮೂರು ತಿಂಗಳಿಗೊಮ್ಮೆ ಬೀಳುತ್ತದೆ. ಬಂದದ್ದರ ಕಾಲಮ್ಮಿನಲ್ಲೇ ಇರುವುದರಿಂದ ಪೆನ್ಷನ್ ತುಂಡಾಗಿ ಬಂತೇನೋ ಅಂತ ಹಿರಿಯರಿಗೆ ಅನ್ನಿಸುವುದು ಸಹಜ. ಎರಡನೆಯದು ಮೆಸೇಜ್ ಕಳಿಸುವುದಕ್ಕೆ ಬ್ಯಾಂಕು ಹಿಡಿದುಕೊಂಡದ್ದು, 15 ರೂಪಾಯಿ ಮತ್ತು ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮೂರನೆಯ ಸಾಲಿನಲ್ಲಿ ಬೆರಳಿಟ್ಟು 6224.60ಕ್ಕೆ 1846 ಕೂಡಿಸಿದಳು. 8070.60. "ಸರಿಗದೆ" ಅಂದಳು.

ಈ ಸಣ್ಣ ಸಣ್ಣ ಕಡಿತಗಳನ್ನು ಬಿಡಿಸಿ ಹೇಳಲೇಬೇಕು. ಹೋದ ತಿಂಗಳ ಬಾಕಿಗೂ ಈ ತಿಂಗಳ ಬಾಕಿಗೂ ಸೀದಾ ವ್ಯತ್ಯಾಸ ತೆಗೆದರೆ ಯಾವತ್ತೂ 1846 ಬರುವುದಿಲ್ಲ. ಆಗ ಹಿರಿಯರು "ಪೆನ್ಷನ್‌ನಲ್ಲಿ ಮುರ್ಕೊಂಡವ್ರೆ" ಅಂತಲೇ ತಿಳಿಯುತ್ತಾರೆ. ಮೇ ಕೊನೆಯ ಹೊತ್ತಿಗೆ ಇನ್ನೆರಡು ಕಡಿತ ಕಾಣಬಹುದು. ಅಪಘಾತ ವಿಮೆಯ ಸುರಕ್ಷಾ ಬಿಮಾಗೆ 20 ರೂಪಾಯಿ, ಜೀವನ ಜ್ಯೋತಿ ಬಿಮಾಗೆ 436. ಹಿಂದೆ ಯಾವಾಗಲೋ ಬ್ಯಾಂಕಿನಲ್ಲಿ ಫಾರಂಗೆ ಸಹಿ ಹಾಕಿದ್ದರೆ ವರ್ಷಕ್ಕೊಂದು ಸಲ ಅದು ತಾನಾಗಿ ಹೋಗುತ್ತದೆ. ಪೆನ್ಷನ್‌ಗೂ ಇದಕ್ಕೂ ಸಂಬಂಧವಿಲ್ಲ.

ಸಾಲಿನ ಪಕ್ಕದ ಇಂಗ್ಲಿಷ್ ಪದಗಳನ್ನು ಕಲಿಸದೆ ಇದ್ದದ್ದೇ ಒಳ್ಳೆಯದಾಯಿತು. 2025ರ ಜನವರಿಯಿಂದ ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒ ಇಡೀ ದೇಶದ ಪೆನ್ಷನ್ನನ್ನು ಒಂದೇ ಕೇಂದ್ರೀಯ ವ್ಯವಸ್ಥೆಯಿಂದ ಕಳಿಸುತ್ತಿದೆ. ನಮ್ಮ ಪುಸ್ತಕದಲ್ಲಿ ಆಗ ಪೆನ್ಷನ್ ಸಾಲಿನ ಬರಹವೇ ಬದಲಾಯಿತು. ಅಂಕಿ ಬದಲಾಗಲಿಲ್ಲ.

ಎಂಟ್ರಿ ಹಾಕಿಸುವುದನ್ನು ತಿಂಗಳಿಗೊಮ್ಮೆ ತಪ್ಪಿಸಬಾರದು ಅಂತ ಅವ್ವನಿಗೆ ಗಟ್ಟಿಯಾಗಿ ಹೇಳಿದ್ದೇನೆ. ಬಹಳ ದಿನ ಬಿಟ್ಟು ಹೋದರೆ ಕೆಲವು ಬ್ಯಾಂಕುಗಳಲ್ಲಿ ಹಳೆಯ ಸಾಲುಗಳನ್ನೆಲ್ಲ ಒಟ್ಟು ಮಾಡಿ, ಇಷ್ಟು ಬಂತು ಇಷ್ಟು ಹೋಯಿತು ಅಂತ ಒಂದೇ ಸಾಲು ಹೊಡೆಯುತ್ತಾರೆ. ಅದರೊಳಗೆ 1846 ಎಲ್ಲಿದೆ ಅಂತ ಹುಡುಕುವುದು ಹೇಗೆ? ಆಮೇಲೆ ಸ್ಟೇಟ್‌ಮೆಂಟ್‌ಗೆ ಅರ್ಜಿ ಬರೆದುಕೊಡಬೇಕು. ಹೊಸ ತಿಂಗಳ ಮೊದಲ ವಾರದಲ್ಲಿ, ಸಂತೆಗೆ ಹೋದ ದಿನವೇ ಬ್ಯಾಂಕಿಗೂ ಹೋಗಿಬರುತ್ತಾಳೆ. ಮೆಷಿನ್‌ನಲ್ಲಾದರೆ ಬಾರ್‌ಕೋಡ್ ಚೀಟಿ ಅಂಟಿಸಿದ ಪುಸ್ತಕವೇ ಬೇಕು. ಕೊನೆಗೆ ಎಂಟ್ರಿ ಆದ ಪುಟವನ್ನೇ ಬಿಡಿಸಿ ಇಡಬೇಕು. ಮಸಿ ತೆಳುವಾಗಿ ಅಂಕಿ ಕಾಣದಿದ್ದರೆ ಅಲ್ಲೇ ಕೌಂಟರಿನಲ್ಲಿ ತೋರಿಸಬೇಕು, ಮನೆಗೆ ತಂದುಕೊಂಡು ಕೂರಬಾರದು.

ಇನ್ನು ಮೆಸೇಜು. ಖಾತೆಗೆ ಕೊಟ್ಟಿದ್ದ ನಂಬರು ನನ್ನ ತಮ್ಮನದು. ಅವನು ಬೆಂಗಳೂರಿನಲ್ಲಿ, ಮೆಸೇಜೆಲ್ಲ ಅಲ್ಲಿಗೆ ಹೋಗುತ್ತಿತ್ತು. ಅವ್ವನನ್ನೇ ಶಾಖೆಗೆ ಕರೆದುಕೊಂಡು ಹೋಗಿ, ಅರ್ಜಿ ಕೊಟ್ಟು ಅವಳ ಫೋನಿನ ನಂಬರು ಹಾಕಿಸಿದೆವು. ಬಟನ್ ಫೋನ್ ಆದರೂ ಸಾಕು. ಬರುವ ಮೆಸೇಜ್ ಹೀಗಿರುತ್ತದೆ:

```
Your a/c XX4321 is credited by Rs.1846.00
on 30-06-25. Avl Bal Rs.8070.60
```

ಇಲ್ಲೂ ಅವ್ವ ನೋಡುವುದು ಅಂಕಿಗಳನ್ನೇ. 4321 ತನ್ನ ಖಾತೆಯ ಕೊನೆಯ ನಾಲ್ಕು ಅಂಕಿ, 1846 ಪೆನ್ಷನ್, ಕೊನೆಯದು ಬಾಕಿ. credited ಪದವನ್ನು ಮಾತ್ರ ಆಕಾರ ನೋಡಿ ಗುರುತು ಹಿಡಿಯಲು ಕಲಿಸಿದೆ. ಅದು cಯಿಂದ ಶುರುವಾಗುತ್ತದೆ, ದುಡ್ಡು ಹೋದಾಗ ಬರುವ debited ಪದ dಯಿಂದ. ಎರಡನ್ನೂ ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ಬಂತು, ಹೋಯ್ತು ಅಂತ ಬರೆದು ದೇವರ ಗೂಡಿನ ಪಕ್ಕ ಅಂಟಿಸಿದ್ದೇನೆ.

ಮೆಸೇಜ್ ಬರಲಿಲ್ಲ ಅಂದರೆ ದುಡ್ಡು ಬರಲಿಲ್ಲ ಅಂತಲ್ಲ. ಹಳ್ಳಿಯಲ್ಲಿ ಸಿಗ್ನಲ್ ಇರುವುದಿಲ್ಲ, ಇನ್‌ಬಾಕ್ಸ್ ತುಂಬಿರುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ದುಡ್ಡೇ ಬಂದಿರುವುದಿಲ್ಲ, ಬಂತು ಅಂತ ಯಾರೋ ಮೆಸೇಜ್ ಕಳಿಸಿರುತ್ತಾರೆ. ಹಿಂದೆಯೇ ಫೋನ್ ಮಾಡಿ, "ಅಜ್ಜಿ, ತಪ್ಪಾಗಿ ನಿಮ್ಮ ಖಾತೆಗೆ ಐದು ಸಾವಿರ ಹಾಕಿಬಿಟ್ಟೆ, ವಾಪಸ್ ಹಾಕಿ" ಅಂತ ಗೋಳಾಡುತ್ತಾರೆ. ಬ್ಯಾಂಕಿನ ಮೆಸೇಜ್ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಬ್ಯಾಂಕಿನ ಹೆಸರಿನ ಇಂಗ್ಲಿಷ್ ಅಕ್ಷರಗಳ ಗುರುತಿನಿಂದ ಬರುತ್ತದೆ. 2025ರಿಂದ ಆ ಗುರುತಿನ ಕೊನೆಯಲ್ಲಿ -S ಅಥವಾ -T ಅಂತ ಇರುತ್ತದೆ, ಜಾಹೀರಾತಿನದಕ್ಕೆ -P. ಅವ್ವನಿಗೆ ಇಷ್ಟೆಲ್ಲ ಹೇಳಲಿಲ್ಲ. "ಫೋನ್ ನಂಬರಿಂದ ಬಂದ ಮೆಸೇಜ್ ನಂಬಬ್ಯಾಡ. ಯಾರು ಕೇಳಿದರೂ, ಪುಸ್ತಕಕ್ಕೆ ಎಂಟ್ರಿ ಹಾಕ್ಸಿ ನೋಡ್ತೀನಿ ಅನ್ನು" ಅಂದೆ. ಅವಳಿಗೆ ಅದು ಹಿಡಿಸಿತು.

ದುಡ್ಡು ಬರುವ ದಿನದ ವಿಷಯದಲ್ಲಿ ಮಾರ್ಚ್ ತಿಂಗಳು ಎಲ್ಲರನ್ನೂ ಗಾಬರಿ ಮಾಡುತ್ತದೆ. ಬೇರೆ ತಿಂಗಳುಗಳಲ್ಲಿ ಪೆನ್ಷನ್ ಆಯಾ ತಿಂಗಳ ಕೊನೆಯ ಕೆಲಸದ ದಿನದೊಳಗೆ ಬೀಳುತ್ತದೆ. ಮಾರ್ಚ್‌ನದು ಮಾತ್ರ ಏಪ್ರಿಲ್ 1 ಅಥವಾ ಅದರ ನಂತರ. ಹಣಕಾಸು ವರ್ಷ ಮುಗಿಯುವುದರಿಂದ ಹೀಗೆ. 2025ರಲ್ಲಿ ಫೆಬ್ರವರಿ ಕೊನೆಗೆ ಒಂದು 1846 ಬಂದದ್ದು, ಮಾರ್ಚ್ ಪೂರ್ತಿ ಒಂದೂ ಇಲ್ಲ. ಅವ್ವ ಮಾರ್ಚ್ 31ಕ್ಕೇ ಫೋನ್ ಮಾಡಿದಳು. "ಯುಗಾದಿ ಕಳುದ್ರೂ ಬರ್ನಿಲ್ವಲ್ಲ, ನಿಲ್ಸ್‌ಬುಟ್ರಾ?" ಏಪ್ರಿಲ್ ಶುರುವಿಗೆ ಒಂದು ಬಂತು, ಏಪ್ರಿಲ್ ಕೊನೆಗೆ ಇನ್ನೊಂದು. ಪುಸ್ತಕದ ಆ ಪುಟದಲ್ಲಿ ಮಾರ್ಚ್‌ಗೆ ಸೊನ್ನೆ, ಏಪ್ರಿಲ್‌ಗೆ ಎರಡು ಅಂತ ಬರೆದಿಟ್ಟಿದ್ದೇನೆ. ಈಗ ಪಕ್ಕದ ಮನೆಯವರಿಗೂ ಅವ್ವನೇ ಹೇಳುತ್ತಾಳೆ.

ಮಾರ್ಚ್ ಬಿಟ್ಟು ಬೇರೆ ತಿಂಗಳಲ್ಲಿ ಬರದಿದ್ದರೆ ನಾನು ಮೊದಲು ನೋಡುವುದು ಜೀವನ ಪ್ರಮಾಣದ ತಾರೀಕು, ಅಂದರೆ ಪೆನ್ಷನ್ ಪಡೆಯುವವರು ಬದುಕಿದ್ದಾರೆ ಅನ್ನುವ ಪ್ರಮಾಣಪತ್ರ ಕೊಟ್ಟ ದಿನ. ಇಪಿಎಸ್‌ನವರಿಗೆ ನವೆಂಬರ್‌ನಲ್ಲೇ ಕೊಡಬೇಕೆಂಬ ಕಟ್ಟುಪಾಡಿಲ್ಲ. ಯಾವತ್ತು ಕೊಡುತ್ತೀರೋ ಅಲ್ಲಿಂದ ಒಂದು ವರ್ಷ ನಡೆಯುತ್ತದೆ, ಅದು ಮುಗಿದರೆ ಪೆನ್ಷನ್ ನಿಲ್ಲುತ್ತದೆ. ಹೊಸದು ಕೊಟ್ಟ ಮೇಲೆ ಬಾಕಿ ಸೇರಿ ಬರುತ್ತದೆ. ಆಗ 1846 ಬದಲು 3692 ಅಥವಾ 5538 ಹೀಗೆ ಕಾಣುತ್ತದೆ. ಕೊಟ್ಟ ತಾರೀಕನ್ನು ರಟ್ಟಿನ ಮೇಲೆ 1846ರ ಕೆಳಗೇ ಬರೆಯುತ್ತೇವೆ.

ಪ್ರಮಾಣಪತ್ರ ಚಾಲ್ತಿಯಲ್ಲಿದ್ದೂ ದುಡ್ಡು ಕಾಣದಿದ್ದರೆ ಇನ್ನೊಂದು ಪಾಸ್‌ಬುಕ್ಕನ್ನೂ ನೋಡಿ. ಗೃಹಲಕ್ಷ್ಮಿಯಂಥದ್ದು ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ, ಪಿಎಫ್ ಪೆನ್ಷನ್ ಅವರಲ್ಲಿ ದಾಖಲಾಗಿರುವ ಖಾತೆಗೆ. ಎರಡು ಖಾತೆ ಇರುವ ಮನೆಗಳಲ್ಲಿ ಒಂದು ಪುಸ್ತಕ ನೋಡಿ ಇನ್ನೊಂದರ ದುಡ್ಡು ಬಂದಿಲ್ಲ ಅಂತ ಅಳುವುದನ್ನು ನಾನು ನೋಡಿದ್ದೇನೆ. ಅಲ್ಲೂ ಇಲ್ಲವಾದರೆ ಉಮಂಗ್ ಆ್ಯಪ್‌ನ ಇಪಿಎಫ್‌ಒ ವಿಭಾಗದಲ್ಲಿ ಪೆನ್ಷನ್ ಆದೇಶಪತ್ರದ ಅಂದರೆ ಪಿಪಿಒ ನಂಬರು, ಹುಟ್ಟಿದ ತಾರೀಕು ಹಾಕಿ ಪೆನ್ಷನ್ ಪಾಸ್‌ಬುಕ್ ತೆಗೆಯಬಹುದು. ಅಲ್ಲಿ ಆ ತಿಂಗಳು ಪಾವತಿಯಾಗಿದೆ ಅಂತ ಇದ್ದರೆ ಕೇಳಬೇಕಾದದ್ದು ಬ್ಯಾಂಕಿನಲ್ಲಿ. ಇಲ್ಲದಿದ್ದರೆ ಮೈಸೂರಿನ ಪಿಎಫ್ ಕಚೇರಿಯಲ್ಲಿ. ಅಲ್ಲಿಗೆ ಹೋಗುವಾಗ ಪಿಪಿಒ, ಆಧಾರ್ ಮತ್ತು ಹೊಸದಾಗಿ ಎಂಟ್ರಿ ಹಾಕಿಸಿದ ಪಾಸ್‌ಬುಕ್ ಮೂರೂ ಕೈಯಲ್ಲಿರಲಿ.